ನಮ್ಮ ಶಾಲೆಗೆ ವಿಮೆ ಮಾಡಿಸಿದ್ದು: ಕಟ್ಟಡದಿಂದ ಆಟದ ಮೈದಾನದವರೆಗೆ

ನಮ್ಮದು ತಾಲ್ಲೂಕು ಕೇಂದ್ರದ ಒಂದು ಚಿಕ್ಕ ಖಾಸಗಿ ಶಾಲೆ. ನಡೆಸುವುದು ಟ್ರಸ್ಟ್, ನಾನು ಅದರ ಕಾರ್ಯದರ್ಶಿ. ವಿಮೆಯ ಕಾಗದಪತ್ರವೆಲ್ಲ ನನ್ನ ತಲೆಗೇ ಕಟ್ಟಿದ್ದಾರೆ.

ಕಟ್ಟಡ ಮತ್ತು ಬೆಂಚು, ಡೆಸ್ಕು, ಬೀರುಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಅನ್ನುವ ಬೆಂಕಿ ವಿಮೆ ಪಾಲಿಸಿ ತೆಗೆದುಕೊಂಡೆವು. ಒಂದು ಜಾಗದಲ್ಲಿರುವ ಆಸ್ತಿಯ ಬೆಲೆ 5 ಕೋಟಿ ರೂಪಾಯಿ ದಾಟದಿದ್ದರೆ ಇದು ಸಿಗುತ್ತದೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ ಎಲ್ಲ ಇದರಲ್ಲೇ ಬರುತ್ತವೆ. ಬೀಗ ಒಡೆದು ಕದ್ದರೆ ಬರುವುದಿಲ್ಲ, ಅದಕ್ಕೆ ಬರ್ಗ್ಲರಿ ಪಾಲಿಸಿ ಬೇರೆ.

ತಲೆ ಕೆಡಿಸಿಕೊಳ್ಳಬೇಕಾದದ್ದು ಎಷ್ಟು ಮೊತ್ತಕ್ಕೆ ಮಾಡಿಸುವುದು ಅನ್ನುವುದರಲ್ಲಿ. “ಸರ್, ಆಡಿಟ್ ರಿಪೋರ್ಟಲ್ಲಿ ಇರೋ ಬೆಲೆ ಹಾಕಿಬಿಡೋಣ, ಪ್ರೀಮಿಯಂ ಕಮ್ಮಿ ಆಗುತ್ತೆ” ಅಂದರು ಏಜೆಂಟರು. ಆಡಿಟ್‌ನಲ್ಲಿ ಕಟ್ಟಡದ ಬೆಲೆ ವರ್ಷ ವರ್ಷ ಸವಕಳಿ ಕಳೆದು 60 ಲಕ್ಷಕ್ಕೆ ಇಳಿದಿತ್ತು. ನಾನು ಎಂಜಿನಿಯರ್ ಹತ್ತಿರ ಲೆಕ್ಕ ಹಾಕಿಸಿದೆ. 6,000 ಚದರಡಿ, ಈಗ ಹೊಸದಾಗಿ ಕಟ್ಟಲು ಚದರಡಿಗೆ 1,800 ರೂಪಾಯಿ. ಅಂದರೆ 1 ಕೋಟಿ 8 ಲಕ್ಷ. ನಿವೇಶನದ ಬೆಲೆ ಸೇರಿಸಲಿಲ್ಲ, ನೆಲ ಸುಟ್ಟುಹೋಗುವುದಿಲ್ಲ ಅಲ್ವಾ.

60 ಲಕ್ಷಕ್ಕೇ ಮಾಡಿಸಿದ್ದರೆ ಏನಾಗುತ್ತಿತ್ತು ನೋಡಿ. ಬೆಂಕಿಯಿಂದ 9 ಲಕ್ಷದ ಹಾನಿಯಾಯಿತು ಅಂತಿಟ್ಟುಕೊಳ್ಳಿ. ಪೂರ್ತಿ ಬೆಲೆಗೆ ವಿಮೆ ಇಲ್ಲವಲ್ಲ ಅಂತ, ಹಾನಿ ಲೆಕ್ಕ ಹಾಕಲು ಬರುವ ಸರ್ವೇಯರ್ ಅದೇ ಅನುಪಾತದಲ್ಲಿ ಕಡಿತ ಮಾಡುತ್ತಾರೆ. 108ರಲ್ಲಿ 60 ಪಾಲು, ಅಂದರೆ ಕೈಗೆ ಬರುವುದು 5 ಲಕ್ಷ. ಉಳಿದ 4 ಲಕ್ಷ ಟ್ರಸ್ಟಿನದ್ದೇ. ಈ ಪಾಲಿಸಿಯಲ್ಲಿ ಶೇ 15ರವರೆಗಿನ ಕೊರತೆಯನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ನಮ್ಮ ಕೊರತೆ ಶೇ 44 ಆಗುತ್ತಿತ್ತು.

ಕಂಪ್ಯೂಟರ್ ಲ್ಯಾಬನ್ನು ಇದೇ ಪಾಲಿಸಿಗೆ ತುರುಕಲಿಲ್ಲ. ವೋಲ್ಟೇಜ್ ಏರಿಳಿದು ಮದರ್‌ಬೋರ್ಡ್ ಸುಟ್ಟರೆ ಬೆಂಕಿ ವಿಮೆಯಲ್ಲಿ ಆ ಕಂಪ್ಯೂಟರಿಗೆ ದುಡ್ಡು ಬರುವುದಿಲ್ಲ. ಅದರಿಂದ ಬೆಂಕಿ ಹತ್ತಿ ಪಕ್ಕದ ಮೇಜು ಸುಟ್ಟರೆ ಮೇಜಿಗೆ ಮಾತ್ರ ಬರುತ್ತದೆ! ಹಾಗಾಗಿ ಲ್ಯಾಬಿಗೆ ಎಲೆಕ್ಟ್ರಾನಿಕ್ ಇಕ್ವಿಪ್‌ಮೆಂಟ್ ಪಾಲಿಸಿ. ಇಲ್ಲೂ ಹಳೇ ಬಿಲ್ಲಿನ ಬೆಲೆಯಲ್ಲ, ಅದೇ ಸಾಮರ್ಥ್ಯದ ಹೊಸ ಮಷೀನಿನ ಇವತ್ತಿನ ಬೆಲೆ ಹಾಕಿದೆ. ಸೀರಿಯಲ್ ನಂಬರುಗಳ ಪಟ್ಟಿಯನ್ನೂ ಜೊತೆಗೆ ಕೊಟ್ಟೆ.

ಇನ್ನು ಆಟದ ಮೈದಾನ. ಹೆಚ್ಚಿನ ಶಾಲೆಯವರು ಮಕ್ಕಳಿಗೆ ಗುಂಪು ಅಪಘಾತ ವಿಮೆ ಮಾಡಿಸಿ ಮೈದಾನದ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಅದು ಬೇಕೇ ಬೇಕು. ಆದರೆ ಅದು ಮಗುವಿಗೆ, ಶಾಲೆಗಲ್ಲ. ಖೋಖೋ ಆಡುವಾಗ ಹುಡುಗಿ ಬಿದ್ದು ಕೈ ಮುರಿದುಕೊಂಡರೆ ತಪ್ಪು ಯಾರದ್ದೂ ಅಲ್ಲ. ಅಪಘಾತ ಪಾಲಿಸಿಗೆ ಚಿಕಿತ್ಸಾ ವೆಚ್ಚ ಸೇರಿಸಿದ್ದರೆ ಆಸ್ಪತ್ರೆ ಬಿಲ್ಲು ಅದರ ಮಿತಿಯೊಳಗೆ ಸಿಗುತ್ತದೆ. ಅದೇ ತುಕ್ಕು ಹಿಡಿದ ಜೋಕಾಲಿಯ ಸರಪಳಿ ತುಂಡಾಗಿ ಮಗು ಬಿದ್ದರೆ ಪೋಷಕರು ಶಾಲೆಯ ನಿರ್ಲಕ್ಷ್ಯ ಅಂತ ಪರಿಹಾರ ಕೇಳಬಹುದು. ಆಗ ಶಾಲೆಯ ಬೆನ್ನಿಗೆ ನಿಲ್ಲುವುದು ಪಬ್ಲಿಕ್ ಲಯಬಿಲಿಟಿ ಪಾಲಿಸಿ. ಒಂದು ಅಪಘಾತಕ್ಕೆ ಇಷ್ಟು, ವರ್ಷಕ್ಕೆ ಒಟ್ಟು ಇಷ್ಟು ಅಂತ ಅದರಲ್ಲಿ ಎರಡು ಮಿತಿ ಇರುತ್ತದೆ. ಶಾಲಾ ವಾಹನ ಇದರಲ್ಲಿ ಬರುವುದಿಲ್ಲ, ಅದು ಮೋಟಾರು ವಿಮೆಯ ಕೆಲಸ. ಪ್ರಪೋಸಲ್ ಫಾರಂನಲ್ಲಿ ಜಾರುಬಂಡೆ, ಜೋಕಾಲಿ, ಕ್ರೀಡಾದಿನ, ಶಾಲೆಯ ಹೊರಗೆ ನಡೆಯುವ ಪಂದ್ಯ ಎಲ್ಲವನ್ನೂ ಬರೆದೆ. ಮುಚ್ಚಿಟ್ಟರೆ ಕ್ಲೈಮ್ ಹೊತ್ತಲ್ಲಿ ಅದೇ ತಕರಾರಾಗುತ್ತದೆ.

ಈ ಪಾಲಿಸಿಯಲ್ಲಿ ಒಂದು ಷರತ್ತು ಇದೆ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ನಾವು ತಪ್ಪು ಒಪ್ಪಿಕೊಳ್ಳಬಾರದು, ದುಡ್ಡು ಕೊಡುತ್ತೇವೆ ಅಂತ ಮಾತು ಕೊಡಬಾರದು. ಊರಲ್ಲಿ ಇದು ಕಷ್ಟ. ಮಗುವಿನ ತಂದೆ ಗೇಟಿನ ಹತ್ತಿರ ನಿಂತಾಗ “ಚಿಂತೆ ಬೇಡಣ್ಣ, ಎಲ್ಲಾ ನಾವು ನೋಡ್ಕೋತೀವಿ” ಅನ್ನುವುದು ಬಾಯಿಗೆ ಬಂದುಬಿಡುತ್ತದೆ. ಪಿಟಿ ಮೇಷ್ಟ್ರಿಗೆ, ಆಫೀಸಿನವರಿಗೆ ಹೇಳಿಟ್ಟಿದ್ದೇನೆ: ಮಗುವನ್ನು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ, ಜೊತೆಗಿರಿ, ಏನಾಯಿತು ಅಂತ ಅವತ್ತೇ ರಿಜಿಸ್ಟರಿನಲ್ಲಿ ಬರೆಯಿರಿ, ಮುರಿದ ಸರಪಳಿಯನ್ನು ಎಸೆಯಬೇಡಿ. ಪರಿಹಾರದ ಮಾತು ಮಾತ್ರ ನನಗೆ ಬಿಡಿ. ನಾನು ಕಂಪನಿಗೆ ಅದೇ ದಿನ ಮೇಲ್ ಹಾಕುತ್ತೇನೆ.

ಕೊನೆಯದು ರಿನೀವಲ್. ನಮ್ಮ ಲಯಬಿಲಿಟಿ ಪಾಲಿಸಿಯಲ್ಲಿ ‘ರೆಟ್ರೋಆಕ್ಟಿವ್ ಡೇಟ್’ ಅಂತ ಒಂದು ದಿನಾಂಕ ಇದೆ. ಅಪಘಾತ ಆ ದಿನಾಂಕದ ನಂತರ ಆಗಿರಬೇಕು, ಪರಿಹಾರ ಕೇಳಿ ನೋಟಿಸ್ ಬಂದಾಗಲೂ ಪಾಲಿಸಿ ಚಾಲ್ತಿಯಲ್ಲಿರಬೇಕು. ಶಾಲೆಗೆ ಇದು ಜಾಸ್ತಿ ಮುಖ್ಯ. ಅಪ್ರಾಪ್ತರಿಗೆ ಕಾಲಮಿತಿಯ ಕಾಯ್ದೆಯಲ್ಲಿ ವಿನಾಯಿತಿ ಇರುವುದರಿಂದ, ಇವತ್ತು ಮೂರನೇ ಕ್ಲಾಸಿನಲ್ಲಿ ಬಿದ್ದ ಮಗು 18 ತುಂಬಿದ ಮೇಲೂ ದಾವೆ ಹಾಕಬಹುದು. ನಡುವೆ ಒಂದು ವರ್ಷ ಪಾಲಿಸಿ ತಪ್ಪಿ ಹೊಸದು ತೆಗೆದುಕೊಂಡರೆ ದಿನಾಂಕವೂ ಹೊಸದಾಗುತ್ತದೆ, ಹಿಂದಿನದೆಲ್ಲ ಹೊರಗೆ. ಅದಕ್ಕೇ ಕಂಪನಿ ಬದಲಾಯಿಸಿದಾಗಲೂ ಹಳೇ ದಿನಾಂಕವನ್ನೇ ಮುಂದುವರಿಸಿ ಅಂತ ಬರವಣಿಗೆಯಲ್ಲಿ ಕೇಳಿ ಪಡೆದೆ. ಹಳೇ ಪಾಲಿಸಿಗಳನ್ನೂ ದಾಖಲಾತಿ ರಿಜಿಸ್ಟರಿನ ಜೊತೆಗೇ ಬೀರುವಿನಲ್ಲಿ ಇಟ್ಟಿದ್ದೇನೆ.