ಸರ್ಚಾರ್ಜ್ ಮರೆತ ಆ ಒಂದು ಲೆಕ್ಕ

ತೀರ್ಥಹಳ್ಳಿ ಹತ್ತಿರದ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯ ಲೆಕ್ಕಪತ್ರ ನಾನೇ ನೋಡಿಕೊಳ್ಳುವುದು. ಅಡಿಕೆ ಹಾಳೆಯಿಂದ ತಟ್ಟೆ, ದೊನ್ನೆ ಮಾಡುವ ಕಂಪನಿ. ಬೇಸಿಗೆಯಲ್ಲಿ ತೋಟಗಳಿಂದ ಹಾಳೆ ಕೊಂಡು ಒಣಗಿಸಿ ಇಟ್ಟುಕೊಂಡರೆ ಮಳೆಗಾಲವೆಲ್ಲ ಪ್ರೆಸ್ ಓಡುತ್ತದೆ. ಇಬ್ಬರು ಡೈರೆಕ್ಟರು, ಅಣ್ಣ ತಮ್ಮ. ಆಡಿಟ್ ಮಾಡುವವರು ಶಿವಮೊಗ್ಗದಲ್ಲಿದ್ದಾರೆ.

2023-24ರ ಲೆಕ್ಕ ಮುಗಿಸುವಾಗ ದೊಡ್ಡಣ್ಣ ಕೇಳಿದರು: "22 ಪರ್ಸೆಂಟಿನ ತೆರಿಗೆ ಇದೆಯಂತಲ್ಲ ಮಾರಾಯ, ನಾವ್ಯಾಕೆ ಇನ್ನೂ 25 ಕಟ್ಟುತ್ತಿದ್ದೇವೆ?" ಪ್ರಶ್ನೆ ಸರಿಯಾಗಿಯೇ ಇತ್ತು. 1961ರ ಆದಾಯ ತೆರಿಗೆ ಕಾಯ್ದೆಗೆ 2019ರ ಸೆಪ್ಟೆಂಬರ್‌ನಲ್ಲಿ ಬಂದ 115ಬಿಎಎ ಕಲಮಿನ ಪ್ರಕಾರ ಯಾವುದೇ ದೇಶೀ ಕಂಪನಿ ಕೆಲವು ವಿನಾಯಿತಿ ಬಿಟ್ಟುಕೊಟ್ಟರೆ 22% ತೆರಿಗೆಗೆ ಬರಬಹುದು. ನಮ್ಮಂಥ, ವಹಿವಾಟು 400 ಕೋಟಿ ದಾಟದ ಕಂಪನಿಗೆ ಮಾಮೂಲಿ ದರ 25%. ನೋಡಿದ ಕೂಡಲೇ ಮೂರು ಪರ್ಸೆಂಟ್ ಉಳಿತಾಯ ಅನ್ನಿಸುತ್ತದೆ ಅಲ್ವಾ? ನನಗೂ ಹಾಗೇ ಅನ್ನಿಸಿತು.

ಮೊದಲು ತೆರಿಗೆ ಬೀಳುವ ಆದಾಯ ಎಷ್ಟು ಅಂತ ನೋಡಿದೆ. ಪುಸ್ತಕದ ಲಾಭ 36,40,000 ರೂಪಾಯಿ. ಅದರಲ್ಲಿ ಕಳೆದಿದ್ದ ಸವಕಳಿ 6,10,000 ವಾಪಸ್ ಕೂಡಿಸಬೇಕು, ಯಾಕೆಂದರೆ ಆದಾಯ ತೆರಿಗೆಯ ಸವಕಳಿ ಲೆಕ್ಕವೇ ಬೇರೆ. ಒಂದು ಟ್ರಸ್ಟಿಗೆ ಕೊಟ್ಟ ದೇಣಿಗೆ 50,000 ಕೂಡ ವ್ಯಾಪಾರದ ಖರ್ಚಲ್ಲ, ಅದನ್ನೂ ಕೂಡಿಸಿದೆ. 43,00,000 ಆಯಿತು. ಇನ್ನು ತೆರಿಗೆ ಲೆಕ್ಕದ ಸವಕಳಿ. ಹಳೇ ಯಂತ್ರಗಳ ಉಳಿದ ಬೆಲೆ 30 ಲಕ್ಷ, 2023ರ ಜೂನ್‌ನಲ್ಲಿ ತಂದ ಹೊಸ ಹೈಡ್ರಾಲಿಕ್ ಪ್ರೆಸ್ 10 ಲಕ್ಷ. ಒಟ್ಟು 40 ಲಕ್ಷಕ್ಕೆ 15% ಅಂದರೆ 6,00,000. ಅದನ್ನು ಕಳೆದರೆ 37,00,000 ಉಳಿಯಿತು.

ಇಲ್ಲಿ ನಾನು ಎಡವಿದೆ. 37 ಲಕ್ಷಕ್ಕೆ 22% ಹಾಕಿದೆ, ಅದರ ಮೇಲೆ 4% ಸೆಸ್ ಹಾಕಿದೆ, 8,46,560 ಬಂತು. ತೆರಿಗೆಯ ಮೇಲಿನ ತೆರಿಗೆಯಾದ ಸರ್ಚಾರ್ಜ್ ಹಾಕಲೇ ಇಲ್ಲ. ಮಾಮೂಲಿ ಪದ್ಧತಿಯಲ್ಲಿ ಆದಾಯ ಒಂದು ಕೋಟಿ ದಾಟುವವರೆಗೆ ಕಂಪನಿಗೆ ಸರ್ಚಾರ್ಜ್ ಇಲ್ಲ. ಎಷ್ಟೋ ವರ್ಷ ಅದೇ ಲೆಕ್ಕ ಮಾಡಿ ಮಾಡಿ ಕೈಗೆ ಅಭ್ಯಾಸವಾಗಿತ್ತು. ಆದರೆ 115ಬಿಎಎಗೆ ಬಂದವರಿಗೆ ಆ ಒಂದು ಕೋಟಿಯ ಗಡಿ ಇಲ್ಲ. ಲಾಭ ಒಂದು ಲಕ್ಷವಿದ್ದರೂ ನೂರು ಕೋಟಿಯಿದ್ದರೂ ಸರ್ಚಾರ್ಜ್ 10%.

ತಪ್ಪು ಗೊತ್ತಾಗಿದ್ದು ಕಂಪನಿಗಳ ರಿಟರ್ನ್ ನಮೂನೆಯಾದ ಐಟಿಆರ್-6ರ ತಂತ್ರಾಂಶದಲ್ಲಿ ಪ್ರಯೋಗಕ್ಕೆ ಅಂಕಿ ತುಂಬಿದಾಗ. ಅದು 9,31,220 ತೋರಿಸಿತು. ನನ್ನ ಅಂಕಿಗಿಂತ ಸುಮಾರು 84,660 ಜಾಸ್ತಿ. ಮೊದಲು ಆದಾಯವನ್ನೇ ಎಲ್ಲೋ ತಪ್ಪು ತುಂಬಿದ್ದೇನೆ ಅಂದುಕೊಂಡು ಅರ್ಧ ದಿನ ಹುಡುಕಿದೆ. ಆಮೇಲೆ ಒಟ್ಟು ತೆರಿಗೆಯನ್ನು ಆದಾಯದಿಂದ ಭಾಗಿಸಿ ನೋಡಿದೆ. 25.168% ಬಂತು. ನನ್ನದು 22.88%. ಆಗ ಹೊಳೆಯಿತು. ನಿಮ್ಮ ಲೆಕ್ಕ ಸರಿಯೋ ಅಂತ ನೋಡಲು ಇದೇ ಸುಲಭದ ದಾರಿ: ಭಾಗಿಸಿದಾಗ 25.168 ಬರದಿದ್ದರೆ ಎಲ್ಲೋ ತಪ್ಪಿದೆ.

ಸರಿಯಾದ ಲೆಕ್ಕ ಹೀಗೆ:

```
37,00,000 × 22% =  8,14,000
 8,14,000 × 10% =    81,400
           ಮೊತ್ತ =  8,95,400
 8,95,400 ×  4% =    35,816
           ಒಟ್ಟು =  9,31,216
```

ಕೊನೆಗೆ ಹತ್ತರ ಲೆಕ್ಕಕ್ಕೆ ತಂದರೆ 9,31,220. ಸರ್ಚಾರ್ಜ್ ಬೀಳುವುದು ಆದಾಯದ ಮೇಲಲ್ಲ, ತೆರಿಗೆಯ ಮೇಲೆ. ಸೆಸ್ ಬೀಳುವುದು ತೆರಿಗೆ ಮತ್ತು ಸರ್ಚಾರ್ಜ್ ಎರಡೂ ಸೇರಿದ ಮೊತ್ತದ ಮೇಲೆ. ಇದನ್ನು ಹೇಳಿದಾಗ ಚಿಕ್ಕಣ್ಣ 22, 10, 4 ಕೂಡಿಸಿ "36 ಪರ್ಸೆಂಟಾ?" ಅಂತ ಗಾಬರಿಯಾದರು. ಕಾಗದದ ಮೇಲೆ ಸಾಲು ಸಾಲಾಗಿ ಬರೆದು ತೋರಿಸಿದ ಮೇಲೆ ಸಮಾಧಾನವಾಯಿತು. ಸೆಸ್ಸನ್ನು ಬರೀ 8,14,000ದ ಮೇಲೆ ಹಾಕುವ ತಪ್ಪೂ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಅದು 3,256 ರೂಪಾಯಿ ಕಡಿಮೆ ತೋರಿಸುತ್ತಿತ್ತು. ಸಣ್ಣ ವ್ಯತ್ಯಾಸ ಆದ್ದರಿಂದ ಕಣ್ಣಿಗೆ ಬೀಳುವುದಿಲ್ಲ.

ಹಾಗಾದರೆ ಮಾಮೂಲಿ ಪದ್ಧತಿಯಲ್ಲಿ ಎಷ್ಟಾಗುತ್ತದೆ? ಅಲ್ಲಿ ತಯಾರಿಕೆಗೆ ತಂದ ಹೊಸ ಯಂತ್ರಕ್ಕೆ 20% ಹೆಚ್ಚುವರಿ ಸವಕಳಿ ಸಿಗುತ್ತದೆ. ನಮ್ಮ ಪ್ರೆಸ್ಸಿಗೆ 2,00,000. ದೇಣಿಗೆಗೂ 80ಜಿ ಅಡಿಯಲ್ಲಿ ಅರ್ಧ, 25,000 ಸಿಗುತ್ತದೆ. 115ಬಿಎಎಯಲ್ಲಿ ಇವೆರಡೂ ಇಲ್ಲ. ಹೀಗೆ ಆದಾಯ 34,75,000ಕ್ಕೆ ಇಳಿಯಿತು. ಅದಕ್ಕೆ 25% ತೆರಿಗೆ 8,68,750, ಸೆಸ್ 34,750, ಒಟ್ಟು 9,03,500. ಪುಸ್ತಕದ ಲಾಭದ ಮೇಲೆ ಕಟ್ಟಬೇಕಾದ ಕನಿಷ್ಠ ತೆರಿಗೆ, ಅಂದರೆ ಮ್ಯಾಟ್, 15.6% ಲೆಕ್ಕದಲ್ಲಿ 5,67,840 ಮಾತ್ರ. ಅದು ಕಡಿಮೆ ಇದ್ದದ್ದರಿಂದ ನಮಗೆ ತೊಡಕಾಗಲಿಲ್ಲ.

ಅಂದರೆ ಆ ವರ್ಷ ಹಳೇ ಪದ್ಧತಿಯೇ 27,720 ರೂಪಾಯಿ ಅಗ್ಗ. ನನ್ನ ತಪ್ಪು ಲೆಕ್ಕ ಹೇಳಿದ್ದು ತದ್ವಿರುದ್ಧ: ಹೊಸದಕ್ಕೆ ಹೋದರೆ 56,940 ಉಳಿಯುತ್ತದೆ ಅಂತ. ಅದನ್ನು ನಂಬಿ ಅರ್ಜಿ ಹಾಕಿಬಿಟ್ಟಿದ್ದರೆ ವಾಪಸ್ ಬರುವಂತಿರಲಿಲ್ಲ. 115ಬಿಎಎಗೆ ಯಾವ ವರ್ಷ ಬೇಕಾದರೂ ಸೇರಬಹುದು. ಒಮ್ಮೆ ಸೇರಿದ ಮೇಲೆ ಆ ಕಂಪನಿಗೆ ಮುಂದಿನ ಎಲ್ಲ ವರ್ಷಕ್ಕೂ ಅದೇ.

ಇಲ್ಲಿ ಒಂದು ಮಾತು ಹೇಳಬೇಕು. ಹೆಚ್ಚುವರಿ ಸವಕಳಿಯ ಲಾಭ ಪೂರ್ತಿ ಕೈಗೆ ಬಂದ ದುಡ್ಡಲ್ಲ. ಆ 2 ಲಕ್ಷವನ್ನು ಈಗಲೇ ಕಳೆದುಕೊಂಡರೆ ಯಂತ್ರಗಳ ಉಳಿದ ಬೆಲೆ 34 ಲಕ್ಷದ ಬದಲು 32 ಲಕ್ಷವಾಗುತ್ತದೆ, ಮುಂದಿನ ವರ್ಷದ ಸವಕಳಿ 30,000 ಕಡಿಮೆಯಾಗುತ್ತದೆ. ತೆರಿಗೆ ಮುಂದಕ್ಕೆ ಹೋಗುತ್ತದೆ ಅಷ್ಟೆ. ಆದರೂ ಹಾಳೆ ಕೊಳ್ಳುವ ಕಾಲದಲ್ಲಿ ರೈತರಿಗೆ ಕೈಮೇಲೆ ನಗದು ಕೊಡಬೇಕಾದ ನಮ್ಮಂಥವರಿಗೆ ಆ ದುಡ್ಡು ಈಗ ಕೈಯಲ್ಲಿರುವುದೇ ಮುಖ್ಯ. ಅದಕ್ಕೆ ಒಂದು ವರ್ಷ ಕಾಯೋಣ ಅಂದೆ. ಆಡಿಟರ್ ಸರ್ ಕೂಡ ಒಪ್ಪಿದರು. ಪ್ರೆಸ್ಸನ್ನು 180 ದಿನಕ್ಕಿಂತ ಕಡಿಮೆ ಓಡಿಸಿದ್ದರೆ ಅರ್ಧ ಹೆಚ್ಚುವರಿ ಸವಕಳಿ ಮುಂದಿನ ವರ್ಷಕ್ಕೆ ಉಳಿದು, ಪದ್ಧತಿ ಬದಲಿಸಿದಾಗ ಅದು ಹೋಗಿಬಿಡುತ್ತಿತ್ತು. ಜೂನ್‌ನಲ್ಲೇ ತಂದಿದ್ದರಿಂದ ಆ ತಲೆನೋವು ಇರಲಿಲ್ಲ. ಹಿಂದೆ ಕಟ್ಟಿದ ಮ್ಯಾಟಿನ ಕ್ರೆಡಿಟ್ ಬಾಕಿ ಇದ್ದ ಕಂಪನಿಗಳಿಗೂ ಆಗ ಇದೇ ಎಚ್ಚರಿಕೆ ಬೇಕಿತ್ತು. ಆಗಿನ ನಿಯಮದಲ್ಲಿ ಸೇರಿದ ಮೇಲೆ ಆ ಕ್ರೆಡಿಟ್ ಕೈಬಿಡುತ್ತಿತ್ತು.

2024-25ರಲ್ಲಿ ಹೊಸ ಯಂತ್ರ ತರಲಿಲ್ಲ, ದೇಣಿಗೆಯೂ ಇರಲಿಲ್ಲ. ತೆರಿಗೆಯ ಆದಾಯ 42,00,000 ಬಂತು. ಹಳೇ ಲೆಕ್ಕದಲ್ಲಿ 26%, ಅಂದರೆ 10,92,000. ಹೊಸದರಲ್ಲಿ 10,57,060. ಈ ಸಲ ಸರ್ಚಾರ್ಜ್ ಸೇರಿಸಿಯೂ 34,940 ಉಳಿಯಿತು. ಹೇಳಿಕೊಳ್ಳುವ ಉಳಿತಾಯ ಮೂರು ಪರ್ಸೆಂಟಲ್ಲ, 0.832 ಮಾತ್ರ. ಆದರೂ ಪ್ರತಿ ವರ್ಷ ಬರುತ್ತದೆ.

115ಬಿಎಎಗೆ ಸೇರುವ ಅರ್ಜಿಯಾದ ಫಾರ್ಮ್ 10-ಐಸಿಯನ್ನು ರಿಟರ್ನ್ ಗಡುವಿನೊಳಗೆ ಹಾಕಲೇಬೇಕಿತ್ತು. ಅದು ತಪ್ಪಿದ್ದರೆ ಆ ವರ್ಷಕ್ಕೆ 22% ಸಿಗುತ್ತಿರಲಿಲ್ಲ. ನಾನು ಕೊನೇ ದಿನಕ್ಕೆ ಬಿಡಲಿಲ್ಲ. ದೊಡ್ಡಣ್ಣನ ಡಿಜಿಟಲ್ ಸಹಿಯ ಅವಧಿ ಮುಗಿದಿದೆಯೋ ಅಂತ ಮೊದಲೇ ನೋಡಿಕೊಂಡು, ಒಂದು ಸಂಜೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೋರ್ಟಲ್‌ನಲ್ಲಿ ಹಾಕಿದೆ. ಬಂದ ಸ್ವೀಕೃತಿ ಸಂಖ್ಯೆಯನ್ನು ಬರೆದುಕೊಂಡು ಐಟಿಆರ್-6ರಲ್ಲಿ 115ಬಿಎಎ ಆಯ್ಕೆಯ ಜಾಗದಲ್ಲಿ ತುಂಬಿದೆ. ತಂತ್ರಾಂಶ 10,57,060 ತೋರಿಸಿತು. ನನ್ನ ಹಾಳೆಯಲ್ಲೂ ಅಷ್ಟೇ ಇತ್ತು.