ಕಡಲೆಬೀಜದ ಲಾಟಿನಲ್ಲಿ ಅಫ್ಲಾಟಾಕ್ಸಿನ್ ಇಳಿಸಿದ ನನ್ನ ಅನುಭವ

"ಇಷ್ಟೊಂದು ಬೀಜ ಆರಿಸಿ ಎಸೆದರೆ ನಿನಗೆ ಉಳಿಯೋದೇನು?" ಅಂತ ಜೊತೆಯ ವ್ಯಾಪಾರಿಗಳೆಲ್ಲ ಕೇಳಿದ್ದರು. ಈ ಸಲ ನೂರಕ್ಕೆ ಐದಾರು ಪಾಲು ಎಸೆದೆ. ಬೂಸ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ವಿಷ 45 ಪಿಪಿಬಿ ಹತ್ತಿರ, ಅಂದರೆ ನೂರು ಕೋಟಿ ಪಾಲಿಗೆ 45 ಪಾಲು, ಇದ್ದ ಲಾಟು 4ರ ಆಸುಪಾಸಿಗೆ ಇಳಿಯಿತು. ಖರೀದಿದಾರರು ಮರುಮಾತಿಲ್ಲದೆ ತೆಗೆದುಕೊಂಡರು.

ಮೊದಲು ನಾವೆಲ್ಲ ನಂಬಿದ್ದು ಗಾಳಿಯಾಡದ ಚೀಲವನ್ನು. ಅದಕ್ಕೆ ಸುರಿದ ದುಡ್ಡು ಕಡಿಮೆಯೇನಲ್ಲ. ಆದರೆ ಮಳೆ ಕೈಕೊಟ್ಟ ವರ್ಷ ಬೂಸ್ಟು ಹೊಲದಲ್ಲೇ ಕಾಯಿಯೊಳಗೆ ಸೇರಿರುತ್ತದೆ. ಆಗಲೇ ಇರುವ ವಿಷವನ್ನು ಯಾವ ಚೀಲವೂ ತೆಗೆಯಲ್ಲ. ಹುರಿದರೂ ಪೂರ್ತಿ ಹೋಗಲ್ಲ.

ಹಾಗಂತ ಒಣಗಿಸೋದನ್ನು ಬಿಡುವಂತಿಲ್ಲ. ಒಣಗಿದೆಯೋ ಇಲ್ಲವೋ ಅಂತ ಕಚ್ಚಿ ನೋಡಿ ಹೇಳೋದನ್ನು ಮಾತ್ರ ನಿಲ್ಲಿಸಿದೆ. ಗಾಜಿನ ಡಬ್ಬಿಗೆ ಬೀಜ ತುಂಬಿ, ಗಾಳಿಯ ತೇವ ಅಳೆಯುವ ಚಿಕ್ಕ ಮೀಟರ್ ಒಳಗಿಟ್ಟು, ಮುಚ್ಚಿ, ನೆರಳಲ್ಲಿ ಕೆಲವು ಗಂಟೆ ಬಿಡುತ್ತೇನೆ. ಮೀಟರ್ ಶೇ 65ಕ್ಕಿಂತ ಕೆಳಗೆ ನಿಂತರೆ ಮಾತ್ರ ಮೂಟೆ ಕಟ್ಟೋದು. ಆಗ ಬೀಜದ ತೇವ ಶೇ 7ರ ಹತ್ತಿರ ಇರುತ್ತದೆ. ಮೆಕ್ಕೆಜೋಳ 13ರಲ್ಲೂ ತಡೆಯುತ್ತದೆ. ಕಡಲೆಬೀಜದಲ್ಲಿ ಎಣ್ಣೆ ಜಾಸ್ತಿ, ಆ ಲೆಕ್ಕ ಇಲ್ಲಿ ನಡೆಯಲ್ಲ.

ಇನ್ನು ಪರೀಕ್ಷೆ. ಒಂದು ಹಿಡಿ ಬೀಜ ಕಳಿಸಿದರೆ ವರದಿ ಚೆನ್ನಾಗಿಯೇ ಬರುತ್ತದೆ, ಆಮೇಲೆ ಪೂರ್ತಿ ಲೋಡು ವಾಪಸ್! ಹೋಗಿ ಬಂದ ಬಾಡಿಗೆ ಎರಡೂ ನಮ್ಮ ತಲೆಗೆ. ವಿಷ ಎಲ್ಲ ಬೀಜದಲ್ಲೂ ಸಮವಾಗಿ ಇರಲ್ಲ, ಸಾವಿರಾರು ಬೀಜದಲ್ಲಿ ಎಲ್ಲೋ ಒಂದೆರಡು ಇಡೀ ಲಾಟನ್ನು ಕೆಡಿಸಿರುತ್ತವೆ. ಅದಕ್ಕೇ ಹಲವು ಮೂಟೆಗಳಿಂದ ಸ್ವಲ್ಪ ಸ್ವಲ್ಪ ತೆಗೆದು 20 ಕಿಲೋ ಕೂಡಿಸಿ, ಅಷ್ಟನ್ನೂ ಪುಡಿ ಮಾಡಿ ಬೆರೆಸಿ, ಅದರಿಂದ ಪರೀಕ್ಷೆಗೆ ಕೊಡುತ್ತೇನೆ.

ಆರಿಸುವುದಕ್ಕೂ ಇದೇ ಕಾರಣ. ಸುಕ್ಕಾದದ್ದು, ಬಣ್ಣ ಕೆಟ್ಟದ್ದು, ಹುಳು ಕೊರೆದದ್ದು, ಒಡೆದದ್ದು ಎಲ್ಲ ಹೊರಕ್ಕೆ. ಹಗುರಾಗಿ ಬಿಸಿ ಮಾಡಿ ಸಿಪ್ಪೆ ತೆಗೆದ ಮೇಲೆ ಆರಿಸಿದರೆ ಒಳಗಿನ ಕಂದು ಕಲೆಯೂ ಕಣ್ಣಿಗೆ ಬೀಳುತ್ತದೆ. ಎಷ್ಟು ಬಿಸಿ, ಆರಿಸುವ ಮೇಜಿಗೆ ದೀಪ ಎಲ್ಲಿ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ. ನೇರಳಾತೀತ ದೀಪವನ್ನೂ ತಂದು ನೋಡಿದೆ. ಮೆಕ್ಕೆಜೋಳದಲ್ಲಿ ಹಸಿರು-ಹಳದಿ ಹೊಳಪು ಸ್ವಲ್ಪ ಸುಳಿವು ಕೊಡುತ್ತದೆ, ಕಡಲೆಬೀಜದಲ್ಲಿ ನಂಬೋಕಾಗಲ್ಲ.

ಎಸೆದ ಬೀಜವನ್ನು ಅಗ್ಗಕ್ಕೆ ಕೇಳುವವರು ಬರುತ್ತಾರೆ. ಕೊಡಲ್ಲ. ಗಾಣಕ್ಕೆ ಹೋದರೆ ವಿಷದ ಹೆಚ್ಚಿನ ಪಾಲು ಹಿಂಡಿಗೆ, ಹಿಂಡಿ ತಿಂದ ಹಸುವಿನಿಂದ ಹಾಲಿಗೆ. ಮನುಷ್ಯರ ಲಿವರಿನಲ್ಲಿ ಈ ವಿಷದ ಬಿ1 ಅನ್ನೋ ಬಗೆ ರೂಪ ಬದಲಿಸಿ ಡಿಎನ್‌ಎಗೆ ಅಂಟಿಕೊಳ್ಳುತ್ತದೆ, ಕ್ಯಾನ್ಸರ್ ತಡೆಯುವ ಪಿ53 ಜೀನನ್ನೇ ಕೆಡಿಸಬಲ್ಲದು. ಹೆಪಟೈಟಿಸ್ ಬಿ ಕೂಡ ಇದ್ದರೆ ಇನ್ನೂ ಘೋರ. ಶಾಂಘೈನ ಗಂಡಸರನ್ನು ನೋಡಿ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡೂ ಇದ್ದವರಿಗೆ ಲಿವರ್ ಕ್ಯಾನ್ಸರ್ ಅಪಾಯ ಎರಡೂ ಇಲ್ಲದವರಿಗಿಂತ 60 ಪಟ್ಟು ಹತ್ತಿರ ಇತ್ತು.

ಆರಿಸುವವರ ಕೂಲಿ, ಎಸೆದ ಮಾಲು ಎರಡನ್ನೂ ಸೇರಿಸಿದರೂ, ವಾಪಸ್ ಬಂದ ಒಂದು ಲೋಡಿನ ನಷ್ಟದ ಅರ್ಧವೂ ಆಗಲಿಲ್ಲ. ಮೊದಲು ಕೇಳಿದವರಲ್ಲಿ ಇಬ್ಬರು ಈಗ ಆರಿಸುವ ಮೇಜಿನ ಅಳತೆ ತೆಗೆದುಕೊಂಡು ಹೋಗಿದ್ದಾರೆ.