ಪಿಜನ್‌ಹೋಲ್ ಪಾಠಕ್ಕೆ ಚೆನ್ನೆಮಣೆ: ನನ್ನ ಅನುಭವ

ಹದಿಮೂರು ಜನರಲ್ಲಿ ಇಬ್ಬರಾದರೂ ಒಂದೇ ತಿಂಗಳಲ್ಲಿ ಹುಟ್ಟಿರಲೇಬೇಕು. ಗೂಡುಗಳಿಗಿಂತ ಪಾರಿವಾಳಗಳು ಹೆಚ್ಚಿದ್ದರೆ ಒಂದು ಗೂಡಿನಲ್ಲಾದರೂ ಎರಡು ಇರಲೇಬೇಕು ಎಂಬ ಪಿಜನ್‌ಹೋಲ್ ತತ್ವ ಇದು, ಪಾಠ ಮಾಡುವ ನಮಗೆಲ್ಲ ಬಾಯಿಪಾಠ. ಉಡುಪಿಯ ನನ್ನ ಟ್ಯೂಷನ್ ಮಕ್ಕಳ ತಲೆಗೆ ಹತ್ತಿಸುವುದೇ ಕಷ್ಟವಾಗಿತ್ತು.

ಮೊದಲು ಎಲ್ಲರಂತೆ ಒಬ್ಬೊಬ್ಬರ ತಿಂಗಳು ಕೇಳಿ ಬೋರ್ಡಿನಲ್ಲಿ ಬರೆಯುತ್ತಿದ್ದೆ. ನಾಲ್ಕೈದು ಜನ ಹೇಳುವಷ್ಟರಲ್ಲೇ ಜೋಡಿ ಸಿಕ್ಕಿಬಿಡುತ್ತಿತ್ತು. "ಐದೇ ಸಾಕಲ್ವಾ ಸರ್, ಹದಿಮೂರು ಯಾಕೆ?" ಅವರ ತಪ್ಪಲ್ಲ. ಹನ್ನೆರಡೂ ತಿಂಗಳು ಸಮ ಎಂದುಕೊಂಡರೆ ಐದು ಜನರಲ್ಲಿ ಜೋಡಿ ಸಿಗುವ ಸಾಧ್ಯತೆ ಶೇಕಡಾ 62ರಷ್ಟಿದೆ. ಸಿಗಬಹುದು ಎನ್ನುವುದು ಬೇರೆ, ಸಿಗಲೇಬೇಕು ಎನ್ನುವುದು ಬೇರೆ. ನಿಜವಾದ ಹುಟ್ಟುಹಬ್ಬ ಕೇಳಿದರೆ ಆ ವ್ಯತ್ಯಾಸವೇ ಮುಚ್ಚಿಹೋಗುತ್ತದೆ. ಆಮೇಲೆ ಹನ್ನೆರಡು ಗೂಡು, ಪಾರಿವಾಳ ಎಲ್ಲ ಬರೆಸಿ ಫ್ಲೆಕ್ಸ್ ಮಾಡಿಸಿದೆ. ಆರುನೂರು ರೂಪಾಯಿ ಹತ್ತಿರ ಹೋಯಿತು. ಈಗ ಅದು ಮಳೆಗಾಲದಲ್ಲಿ ಸ್ಕೂಟರ್ ಮುಚ್ಚಲು ಉಂಟು.

ಕೊನೆಗೆ ಗುಳಿಗಳಿಗೆ ಕಾಳು ಹಾಕಿ ಆಡುವ, ಮನೆಯ ಚೆನ್ನೆಮಣೆ ತಂದೆ. "ಆಟಿ ತಿಂಗಳಲ್ಲಿ ಆಡುವುದನ್ನು ಕ್ಲಾಸಿಗೆ ತರುವುದಾ ಮಾರಾಯ್ರೆ?" ಎಂದು ಜೊತೆಯ ಮೇಷ್ಟ್ರು ನಕ್ಕರು. ಹದಿನಾಲ್ಕು ಗುಳಿಗಳಲ್ಲಿ ಎರಡಕ್ಕೆ ಕಾಗದ ತುರುಕಿದೆ. ಉಳಿದ ಹನ್ನೆರಡೂ ತಿಂಗಳುಗಳು, ಹದಿಮೂರು ಮಂಜೊಟ್ಟಿ ಕಾಳು ಹದಿಮೂರು ಜನ. ಯಾರ ಹುಟ್ಟುಹಬ್ಬವನ್ನೂ ಕೇಳಲಿಲ್ಲ. "ಕಾಳುಗಳನ್ನು ನಿಮಗೆ ಬೇಕಾದ ತಿಂಗಳಿಗೆ ಹಾಕಿ, ಜೋಡಿ ಆಗದ ಹಾಗೆ ನನ್ನನ್ನು ಸೋಲಿಸಿ" ಎಂದೆ.

ಒಬ್ಬಳು ಗುಳಿಗೊಂದರಂತೆ ಹನ್ನೆರಡು ಹಾಕಿದಳು. ಹದಿಮೂರನೆಯದನ್ನು ಹಿಡಿದ ಕೈ ಮಣೆಯ ಮೇಲೆ ಆಚೀಚೆ ಹೋಯಿತು. "ಒಂದಕ್ಕೆ ಒಂದೇ ಅಂದ್ರೆ ಹನ್ನೆರಡೇ ಹಿಡಿಯುವುದು ಸರ್. ಇದಕ್ಕೆ ಜಾಗ ಇಲ್ಲ." ತತ್ವ ನಿಜವೆಂದು ತೋರಿಸುವ ಸಾಧನೆ ಅಷ್ಟೇ, ಅವಳೇ ಹೇಳಿಬಿಟ್ಟಳು! ತುಂಟನೊಬ್ಬ ಹದಿಮೂರನ್ನೂ ಜನವರಿಗೇ ಸುರಿದ. ಅದೂ ಸರಿಯೇ, ನಾವು ಹೇಳಿದ್ದು 'ಇಬ್ಬರಾದರೂ' ಎಂದು. ಯಾವ ತಿಂಗಳಲ್ಲಿ ಜೋಡಿ ಎಂಬ ಪ್ರಶ್ನೆಯೂ ಆಮೇಲೆ ಬರಲಿಲ್ಲ. ಅದನ್ನು ತತ್ವ ಹೇಳುವುದಿಲ್ಲ, ಕಾಳು ಹಾಕುವವರು ಹೇಳಬೇಕು.

ಸುಮ್ನೆ ಒಮ್ಮೆ ತುಳು ತಿಂಗಳಲ್ಲೂ ಆಡಿಸಿದೆ. ಪಗ್ಗುವಿನಿಂದ ಸುಗ್ಗಿಯವರೆಗೆ ಅಲ್ಲೂ ಹನ್ನೆರಡೇ, ಹಾಗಾಗಿ ಹದಿಮೂರು ಬದಲಾಗುವುದಿಲ್ಲ. ಆದರೆ ಜೋಡಿಗಳು ಬದಲಾಗುತ್ತವೆ. ಜುಲೈ 20 ಮತ್ತು ಆಗಸ್ಟ್ 5ರಂದು ಹುಟ್ಟಿದವರು ಕ್ಯಾಲೆಂಡರಿನಲ್ಲಿ ಬೇರೆ ಬೇರೆ, ತುಳುವಿನಲ್ಲಿ ಇಬ್ಬರೂ ಆಟಿಯವರು.

ಅರ್ಥವಾಯಿತೋ ಇಲ್ಲವೋ ನೋಡಲು ಒಂದೇ ಪ್ರಶ್ನೆ: ಮೂವರು ಒಂದೇ ತಿಂಗಳಲ್ಲಿ ಹುಟ್ಟಿರಲೇಬೇಕಾದರೆ ಎಷ್ಟು ಜನ ಬೇಕು? ಬಾಯಿಪಾಠದವರು 26 ಅನ್ನುತ್ತಾರೆ, ಹದಿಮೂರರ ಎರಡರಷ್ಟು. ಕೆಲವರು 36 ಅನ್ನುತ್ತಾರೆ. ಮಣೆಯಲ್ಲಿ ಆಡಿದವರು ಗುಳಿಗೆ ಎರಡೆರಡು ತುಂಬಿ 24 ಮುಗಿಸಿ, ಇನ್ನೊಂದು ಕಾಳು ಕೈಗೆತ್ತಿಕೊಂಡು 25 ಅನ್ನುತ್ತಾರೆ. ಇದಕ್ಕೆ ಮೊದಲು ನಾನು ಕೇಳುವ ಇನ್ನೊಂದು ಪ್ರಶ್ನೆ ಉಂಟು. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಟ್ಯೂಷನ್ನೂ ನಡೆಯಬೇಕಲ್ವಾ? ನಕ್ಕ ಮೇಷ್ಟ್ರು ಈ ವರ್ಷ ಮಣೆ ಕೇಳಿಕೊಂಡು ಬಂದಿದ್ದರು. ಕೊಟ್ಟೆ, ಕಾಳು ಎಣಿಸಿ ಕೊಟ್ಟೆ.